ಕರೋಕೆ ಟ್ರ್ಯಾಕನ್ನು 8 ಮನೆ ಇಳಿಸಿದರೆ ಡೋಲಕ್ ಹಾಳಾಗುತ್ತದೆ, ಏನು ಮಾಡಲಿ?

ಬೇಲೂರಿನ ಮೇಷ್ಟ್ರು: ಅಕ್ಕನ ಮಗಳ ಮದುವೆಯಲ್ಲಿ ಹಾಡಬೇಕು. ಹಾಡು ಗಾಯಕಿಯದು, ಜಿ ಸ್ಕೇಲ್. ಹಾರ್ಮೋನಿಯಂನಲ್ಲಿ ಕರಿ-ಬಿಳಿ ಸೇರಿಸಿ ಎಣಿಸಿದೆ, 8 ಮನೆ ಇಳಿಸಿದರೆ ನನ್ನ ಗಂಟಲಿಗೆ ಸರಿ. ಆದರೆ ಡೋಲಕ್ ಬಾವಿಯೊಳಗಿಂದ ಬಾರಿಸಿದಂತೆ ಕೇಳುತ್ತದೆ. ದಾರಿ ಇದೆಯಾ ಸಾರ್?

ಹಾಸನದ ಸೌಂಡ್ ಇಂಜಿನಿಯರ್: ಇಳಿಸಬೇಡಿ ಮೇಷ್ಟ್ರೇ, 4 ಮನೆ ಏರಿಸಿ. ಜಿ ಇಂದ 8 ಇಳಿದರೂ ಬಿ, 4 ಏರಿದರೂ ಬಿ. ನೀವು ಒಂದು ಸ್ಥಾಯಿ ಕೆಳಗೆ ಹಾಡುತ್ತೀರಿ, ಅಷ್ಟೇ. ನಿಮ್ಮ ಗಂಟಲಿಗೆ ಎರಡೂ ಒಂದೇ ಸ್ವರ, ಟ್ರ್ಯಾಕ್‌ಗೆ ಮಾತ್ರ ಅರ್ಧ ಪೆಟ್ಟು.

ಇಳಿಸಿದಾಗ ಕೆಡುವುದು ಡೋಲಕ್ ಒಂದೇ ಅಲ್ಲ. ಬೇಸ್ ಗಿಟಾರ್‌ನ ದಪ್ಪ ತಂತಿ ಸುಮಾರು 41 ಹರ್ಟ್ಸ್. 8 ಮನೆ ಇಳಿದರೆ 26. ಮಂಟಪದ ಸ್ಪೀಕರ್‌ನಲ್ಲಿ ಅದು ಕೇಳಿಸುವುದೇ ಇಲ್ಲ, ಹಾಡಿನ ಬುಡವೇ ಮಾಯ.

ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ `Change Pitch` ತೆಗೆದು `Semitones` ಜಾಗದಲ್ಲಿ 4 ಹಾಕಿ, `Use high quality stretching` ಟಿಕ್ ಮಾಡಿ. ಪ್ರತಿ ಸಲವೂ ಮೂಲ ಫೈಲ್‌ನಿಂದಲೇ ಶುರು ಮಾಡಿ. ಇಳಿಸಿದ್ದನ್ನೇ ಮತ್ತೆ ಏರಿಸಿದರೆ ತಾಳದ ಏಟು ಎರಡೆರಡು ಸಲ ಸವೆಯುತ್ತದೆ.

ಅರಸೀಕೆರೆ ಆರ್ಕೆಸ್ಟ್ರಾ ಗಾಯಕಿ: 2 ಮನೆಗಿಂತ ಜಾಸ್ತಿ ಯಾವ ಟ್ರ್ಯಾಕನ್ನೂ ಮುಟ್ಟಲೇಬಾರದು. ನಮ್ಮ ತಂಡದಲ್ಲಿ ಇದೇ ನಿಯಮ.

ಸೌಂಡ್ ಇಂಜಿನಿಯರ್: ಕೋರಸ್ ಇರುವ ಟ್ರ್ಯಾಕ್‌ಗೆ ನೀವು ಹೇಳಿದ್ದು ಸರಿ ಮೇಡಂ. ಮನುಷ್ಯರ ದನಿ ಬೇಗ ಕೆಡುತ್ತದೆ, 4 ಏರಿದರೆ ಕೋರಸ್‌ನವರು ಚಿಕ್ಕ ಮಕ್ಕಳಂತೆ ಕೀಚಲಾಗುತ್ತಾರೆ. ಬರೀ ಕೀಬೋರ್ಡ್, ಸ್ಟ್ರಿಂಗ್ಸ್ ಆದರೆ 4 ತಡೆಯುತ್ತದೆ. ರೆಕಾರ್ಡಿಂಗ್ ಬದಲು ಬರೀ ಸ್ವರಗಳ ಸೂಚನೆ ಇರುವ ಮಿಡಿ ಫೈಲ್ ಸಿಕ್ಕರೆ ಎಷ್ಟು ಬೇಕಾದರೂ ಬದಲಿಸಿ, 10ನೇ ಚಾನೆಲ್ ಮಾತ್ರ ಬಿಡಿ. ಅಲ್ಲಿರುವುದು ಡ್ರಮ್ಸ್. ಅದನ್ನೂ ಏರಿಸಿದರೆ ಒಂದು ವಾದ್ಯದ ಜಾಗದಲ್ಲಿ ಇನ್ನೊಂದು ಬಾರಿಸುತ್ತದೆ.

ಚಿಕ್ಕಮಗಳೂರಿನ ಅಂಗಡಿಯವರು: ನನ್ನದೂ ಇದೇ ಕಥೆ ಸಾರ್. ಬ್ಲೂಟೂತ್ ಸ್ಪೀಕರ್‌ನಲ್ಲಿ ಹಾಡಿದರೆ ನನ್ನ ದನಿ ಹಿಂದೆ ಬೀಳುತ್ತದೆ. ಎಷ್ಟು ಮನೆ ಏರಿಸಲಿ?

ಸೌಂಡ್ ಇಂಜಿನಿಯರ್: ಅದು ಶ್ರುತಿಯ ತೊಂದರೆ ಅಲ್ಲ ಅಣ್ಣಾ, ಬ್ಲೂಟೂತ್ ತಡ ಮಾಡುತ್ತಿದೆ. ವೈರ್ ಹಾಕಿ.

ಮೇಷ್ಟ್ರು: 4 ಏರಿಸಿ ನೋಡಿದೆ, ಡೋಲಕ್ ಗಟ್ಟಿಯಾಗಿದೆ! ಆದರೆ ಕೊಳಲು ತೆಳುವಾಯಿತು. ಎರಡನೇ ಚರಣದಲ್ಲಿ ಕೋರಸ್ ಕೂಡ ಇದೆ.

ಸೌಂಡ್ ಇಂಜಿನಿಯರ್: 3 ಹಾಕಿ ನೋಡಿ. ಕೊಳಲಿಗೂ ಒಳ್ಳೆಯದು, ನಿಮಗೂ ಮೇಲಿನ ಸ್ವರ ಒಂದು ಮನೆ ಸುಲಭ. ಆದರೆ ಪಲ್ಲವಿಯ ತಗ್ಗಿನ ಸ್ವರವೂ ಒಂದು ಮನೆ ಇಳಿಯುತ್ತದೆ. ಅದನ್ನು ಮೈಕ್‌ನಲ್ಲೇ ಹಾಡಿ, ರೆಕಾರ್ಡ್ ಮಾಡಿ ಕೇಳಿ. ಅಲ್ಲಿ ಪದ ನುಂಗಿದಂತೆ ಕೇಳಿದರೆ 4ಕ್ಕೇ ವಾಪಸ್ ಬನ್ನಿ.

ಗಾಯಕಿ: ಕೋರಸ್ ಬರುವ ಸಾಲುಗಳಷ್ಟನ್ನು ಕತ್ತರಿಸಿ, ಮನೆಯವರ ಹತ್ತಿರ ಹಾಡಿಸಿಬಿಡಿ ಮೇಷ್ಟ್ರೇ.

ಸೌಂಡ್ ಇಂಜಿನಿಯರ್: ಆ ಜಾಗದಲ್ಲಿ ವಾದ್ಯವೂ ಇದ್ದರೆ ಅದೂ ಕತ್ತರಿಸಿ ಹೋಗುತ್ತದಲ್ವಾ? ಆ ಚರಣ ಕೇಳದೆ ನಾನು ಹೂಂ ಅನ್ನಲಾರೆ. ಆ ತುಣುಕು ಇಲ್ಲಿ ಹಾಕಿ ಮೇಷ್ಟ್ರೇ.