‘ಆಭಾರ ಮನ್ನಣೆ’ ತಪ್ಪೇ?

ಎಲ್ಲರಿಗೂ ನಮಸ್ಕಾರ.

ನಾನು ಗದಗ ತಾಲೂಕಿನ ಒಂದು ಹಳ್ಳಿಯ ಪತ್ತಿನ ಸಂಘದ ಕಾರ್ಯದರ್ಶಿ. ಸೆಪ್ಟೆಂಬರಿನಲ್ಲಿ ನಮ್ಮ ವಾರ್ಷಿಕ ಸರ್ವಸಾಧಾರಣ ಸಭೆ. ನೋಟಿಸು ಅಚ್ಚಿಗೆ ಕೊಡಬೇಕಾಗಿದೆ. ನಮ್ಮ ಹಳೆಯ ಠರಾವು ಪುಸ್ತಕಗಳಲ್ಲಿ ಕಡೆಯ ವಿಷಯ ಯಾವಾಗಲೂ ‘ಆಭಾರ ಮನ್ನಣೆ’. ಈ ಸಲ ಒಬ್ಬ ನಿರ್ದೇಶಕರು ಅದನ್ನು ಹೊಡೆದು ‘ವಂದನಾರ್ಪಣೆ’ ಎಂದು ಬರೆದರು. ಅವರ ಮಾತು ಹೀಗಿತ್ತು: “ಆಭಾರ ಅಂದ್ರೆ ಋಣ, ಮನ್ನಿಸು ಅಂದ್ರೆ ಕ್ಷಮಿಸು. ಅವರ ಋಣ ನಮ್ಮ ಮೇಲಿದೆ. ಅದನ್ನ ನಾವೇ ಮನ್ನಿಸಿಕೊಂಡ್ರೆ ಹೆಂಗೆ?” ನನಗೆ ಉತ್ತರ ಹೊಳೆಯಲಿಲ್ಲ.

ಸಭೆಯಲ್ಲಿ ಆಡಲು ಬರೆದುಕೊಂಡಿರುವ ಸಾಲು ಇದು: “ಅಧ್ಯಕ್ಷರ, ಸದಸ್ಯರ, ಸಹಕಾರ ನೀಡಿದ ಲೆಕ್ಕ ಪರಿಶೋಧಕರ ಹಾಗೂ ಸ್ವಯಂಸೇವಕರ ಆಭಾರ ಮನ್ನಿಸುತ್ತೇನೆ.” ಇದರಲ್ಲಿ ತಪ್ಪಿದ್ದರೆ ತಿದ್ದಿ.

*ಹುಬ್ಬಳ್ಳಿಯಿಂದ:*

ಆಭಾರ ಮರಾಠಿ ಪದ. ಸುಮ್ನೆ ತೆಗೆದುಬಿಡಿ. ಇಂಗ್ಲಿಷಿನಲ್ಲಿ ಇದಕ್ಕೆ ವೋಟ್ ಆಫ್ ಥ್ಯಾಂಕ್ಸ್ ಅಂತಾರೆ, ಅಂದರೆ ಮತಕ್ಕೆ ಹಾಕುವ ವಿಷಯ. ವಿಧಾನಸಭೆಯಲ್ಲಿ ರಾಜ್ಯಪಾಲರ ಭಾಷಣಕ್ಕೆ ‘ವಂದನಾ ನಿರ್ಣಯ’ ಇರುತ್ತದಲ್ಲ, ಅದನ್ನೇ ಬಳಸಿ.

*ಧಾರವಾಡದಿಂದ, ನಿವೃತ್ತ ಕನ್ನಡ ಮೇಷ್ಟ್ರು:*

ಹುಬ್ಬಳ್ಳಿಯವರು ಹೇಳಿದ್ದರಲ್ಲಿ ಅರ್ಧ ನಿಜ. ಆಭಾರ ಸಂಸ್ಕೃತದಿಂದ ಬಂದ ಪದ. ‘ನಾನು ನಿಮಗೆ ಆಭಾರಿ’ ಎಂದು ಬೆಂಗಳೂರು, ಮೈಸೂರಿನವರೂ ಬರೆಯುತ್ತಾರೆ. ಮರಾಠಿಯ ನೆರಳು ಇರುವುದು ‘ಆಭಾರ ಮನ್ನಿಸು’ ಎಂಬ ಜೋಡಿಯಲ್ಲಿ. ಮರಾಠಿಯವರು ‘ಆಭಾರ ಮಾನಣೆ’ ಅನ್ನುತ್ತಾರೆ. ನಿಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಶುರುವಾದಾಗ ಗದಗ ಮುಂಬೈ ಪ್ರಾಂತ್ಯದಲ್ಲಿತ್ತು. 1956ರವರೆಗೂ ಮುಂಬೈ ಕಡೆಗೇ ಇತ್ತು. ಠರಾವು, ಸರ್ವಸಾಧಾರಣ ಸಭೆ, ಇವೆಲ್ಲ ಆ ಕಾಲದ ಬಳುವಳಿ. ಆಭಾರ ಒಂದನ್ನೇ ಹೊರಗೆ ಹಾಕುವುದು ನ್ಯಾಯವಲ್ಲ.

ನಿಮ್ಮ ನಿರ್ದೇಶಕರ ಅನುಮಾನಕ್ಕೆ ಬರುತ್ತೇನೆ. ಮನ್ನಿಸು ಎಂಬ ಕ್ರಿಯಾಪದಕ್ಕೆ ಗೌರವಿಸು, ಕ್ಷಮಿಸು ಎರಡೂ ಅರ್ಥ ಇವೆ. ಆದರೆ ‘ಮನ್ನಣೆ’ ಎಂಬ ನಾಮಪದವನ್ನು ನಾವು ಕ್ಷಮೆಗೆ ಬಳಸುವುದಿಲ್ಲ. ಜನಮನ್ನಣೆ, ರಾಜಮನ್ನಣೆ ನೆನಪಿಸಿಕೊಳ್ಳಿ. ಹಾಗಾಗಿ ನೋಟಿಸಿನಲ್ಲಿ ‘ಆಭಾರ ಮನ್ನಣೆ’ ಎಂದರೆ ಋಣವನ್ನು ಗೌರವದಿಂದ ಒಪ್ಪಿಕೊಳ್ಳುವುದು. ಅದು ಸರಿ. ಬಾಯಲ್ಲಿ ‘ಮನ್ನಿಸುತ್ತೇನೆ’ ಎಂದಾಗ ಮಾತ್ರ ಗೊಂದಲ.

ಇನ್ನೂ ದೊಡ್ಡ ತೊಡಕು ‘ಅಧ್ಯಕ್ಷರ ಆಭಾರ’ ಎಂಬಲ್ಲಿದೆ. ಮರಾಠಿಯಲ್ಲಿ ಯಾರಿಗೆ ಋಣಿಯೋ ಅವರ ಹೆಸರಿಗೆ ಷಷ್ಠಿ ವಿಭಕ್ತಿ ಬರುತ್ತದೆ. ಕನ್ನಡದಲ್ಲಿ ‘ರೈತರ ಸಾಲ’ ಎಂದರೆ ರೈತರು ತೀರಿಸಬೇಕಾದ ಸಾಲ, ಅಲ್ವಾ? ಅದೇ ಕಿವಿಯಲ್ಲಿ ಕೇಳಿದರೆ ‘ಅಧ್ಯಕ್ಷರ ಆಭಾರ’ ಎಂದರೆ ಅಧ್ಯಕ್ಷರೇ ಋಣದಲ್ಲಿದ್ದಾರೆ ಎಂದಾಗುತ್ತದೆ. ‘ಅಧ್ಯಕ್ಷರಿಗೆ’ ಎಂದು ಚತುರ್ಥಿ ಮಾಡಿ, ‘ಆಭಾರಿಯಾಗಿದ್ದೇವೆ’ ಎಂದು ಮುಗಿಸಿ. ಎರಡೂ ತೊಡಕು ಒಟ್ಟಿಗೆ ಹೋಗುತ್ತವೆ.

‘ವಂದನಾ ನಿರ್ಣಯ’ ಬೇಡ. ಸದನದಲ್ಲಿ ಅದರ ಮೇಲೆ ಚರ್ಚೆ ನಡೆಯುತ್ತದೆ, ತಿದ್ದುಪಡಿ ತರಬಹುದು. ನಿಮ್ಮಲ್ಲಿ ಸದಸ್ಯರು ತಟ್ಟುವ ಚಪ್ಪಾಳೆಯೇ ಒಪ್ಪಿಗೆ.

*ಹಾವೇರಿಯಿಂದ:*

ಯಾರ ಹೆಸರು ಮೊದಲು ಬರಬೇಕು ಅಂತ ಕೇಳಿದ್ದೀರಿ ಅಂದುಕೊಂಡೆ. ಅಧ್ಯಕ್ಷರು ಮೊದಲು, ಅದರಲ್ಲಿ ಚರ್ಚೆ ಏನಿಲ್ಲ. ನಾನು ಲೆಕ್ಕ ಪರಿಶೋಧಕರೊಬ್ಬರ ಕಚೇರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಒಂದು ಸಭೆಯಲ್ಲಿ ನಮ್ಮ ಸಾಹೇಬರಿಗೆ “ಲೆಕ್ಕಪತ್ರದಲ್ಲಿ ಸಹಕಾರ ನೀಡಿದ್ದಕ್ಕೆ” ಎಂದು ಧನ್ಯವಾದ ಹೇಳಿದರು. ಹಿಂದೆ ಕೂತಿದ್ದ ಸದಸ್ಯರೊಬ್ಬರು ಎದ್ದು, “ಏನು ಸಹಕಾರ ಕೊಟ್ರಿ?” ಎಂದು ಕೇಳಿಯೇಬಿಟ್ಟರು. ಸಾಹೇಬರು ಬಹಳ ನೊಂದುಕೊಂಡರು. ತಪ್ಪು ಹುಡುಕುವುದೇ ಅವರ ಕೆಲಸ. ಸಹಕಾರ ಕೊಡಬೇಕಾದವರು ಸಂಘದ ಸಿಬ್ಬಂದಿ. ಪರಿಶೋಧಕರು ಮಾಡಿದ್ದನ್ನೇ ಹೇಳಿ: ಲೆಕ್ಕ ಪರಿಶೀಲಿಸಿದರು, ಸಮಯಕ್ಕೆ ವರದಿ ಕೊಟ್ಟರು. ಅಷ್ಟು ಸಾಕು.

*ಗದಗಿನಿಂದ, ಮತ್ತೆ ನಾನು:*

ಮೇಷ್ಟ್ರೇ, ಅಕ್ಕಾವ್ರೇ, ಕಣ್ಣು ತೆರೆಸಿದಿರಿ. ನೋಟಿಸಿನಲ್ಲಿ ‘ಆಭಾರ ಮನ್ನಣೆ’ ಹಾಗೇ ಉಳಿಸುತ್ತೇನೆ. ಸಾಲು ಹೀಗೆ ತಿದ್ದಿದ್ದೇನೆ: “ಸಭೆಯನ್ನು ನಡೆಸಿಕೊಟ್ಟ ಅಧ್ಯಕ್ಷರಿಗೆ, ಕಡೆಯವರೆಗೂ ಕೂತು ಪ್ರಶ್ನೆ ಕೇಳಿದ ಸದಸ್ಯರಿಗೆ, ಲೆಕ್ಕ ಪರಿಶೀಲಿಸಿ ಸಮಯಕ್ಕೆ ವರದಿ ಕೊಟ್ಟ ಲೆಕ್ಕ ಪರಿಶೋಧಕರಿಗೆ, ಬೆಳಗಿನಿಂದ ಪೆಂಡಾಲು, ಊಟ ನೋಡಿಕೊಂಡ ಊರಿನ ಹುಡುಗರಿಗೆ ಸಂಘ ಆಭಾರಿಯಾಗಿದೆ.”

‘ಸ್ವಯಂಸೇವಕರು’ ಬಿಟ್ಟಿದ್ದು ಬೇಕಂತಲೇ. ನಮ್ಮೂರಿನಲ್ಲಿ ಅವರನ್ನು ಯಾರೂ ಹಾಗೆ ಕರೆಯುವುದಿಲ್ಲ. ನಿರ್ದೇಶಕರು ‘ಹುಡುಗರು’ ಅನ್ನುವುದು ಸಭೆಗೆ ಹಗುರವಾಯಿತು ಅನ್ನುತ್ತಾರೆ. ‘ಕಾರ್ಯಕರ್ತರು’ ಎಂದರೆ ಪಕ್ಷದವರ ಹಾಗೆ ಕೇಳುತ್ತದೆ. ನಿಮ್ಮ ಕಡೆ ಏನಂತೀರಿ?