ಸಹಾಯ ಬೇಕು: ಓವರ್‌ಟೈಮ್, ರಾತ್ರಿ ಪಾಳಿ, ರಜೆ ಮೂರೂ ಒಟ್ಟಿಗೆ ಬಂದರೆ ಕೂಲಿ ಲೆಕ್ಕ ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. 2024ರ ಆಗಸ್ಟ್ 15ರಂದು ರಾತ್ರಿ ಪಾಳಿಗೆ ನಾಲ್ಕು ಗಂಟೆ ಮೊದಲೇ ಕರೆಸಿಕೊಂಡರು. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ದುಡಿದೆ. ಆ ಬಾಕಿಯ ತಕರಾರು ಇನ್ನೂ ಮುಗಿದಿಲ್ಲ.

ಮೂಲ ವೇತನ, ತುಟ್ಟಿಭತ್ಯೆ ಸೇರಿ ನನ್ನ ದಿನಗೂಲಿ 800 ರೂಪಾಯಿ, ಅಂದರೆ ಗಂಟೆಗೆ 100. ರಾತ್ರಿ ಪಾಳಿ ಭತ್ಯೆ 80. ನಮ್ಮ ಒಪ್ಪಂದದಂತೆ ಎಂಟು ಗಂಟೆಯ ನಂತರದ್ದು ಓವರ್‌ಟೈಮ್. ಕಚೇರಿಯವರು ರಜೆಯ ದುಪ್ಪಟ್ಟು 1600, ನಾಲ್ಕು ಗಂಟೆಯ ಓವರ್‌ಟೈಮ್ 800, ಭತ್ಯೆ 80, ಒಟ್ಟು 2480 ಕೊಟ್ಟರು.

ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ 59ನೇ ಕಲಮಿನಲ್ಲಿ ಓವರ್‌ಟೈಮಿಗೆ ‘ಸಾಮಾನ್ಯ ವೇತನ ದರ’ದ ಎರಡರಷ್ಟು ಎಂದಿತ್ತು. ಆ ದರದಲ್ಲಿ ಭತ್ಯೆಗಳೂ ಸೇರುತ್ತಿದ್ದವು, ಬೋನಸ್ ಸೇರುತ್ತಿರಲಿಲ್ಲ. ಹಾಗಾದರೆ ರಾತ್ರಿ ಭತ್ಯೆಯನ್ನು ಮೊದಲು ಕೂಡಿಸಿ, ಗಂಟೆಗೆ 110ರಂತೆ ದುಪ್ಪಟ್ಟು ಮಾಡಬೇಕಲ್ಲವೇ? ನಾಲ್ಕು ಗಂಟೆಗೆ 880 ಆಗುತ್ತದೆ. ಭತ್ಯೆ ಪಾಳಿಗೆ ಒಂದೇ ಸಲ ಎಂಬುದು ಕಚೇರಿಯ ಉತ್ತರ. ನಮ್ಮ ಸಂಘದ ಹಿರಿಯರೊಬ್ಬರು ಇನ್ನೂ ಮುಂದೆ ಹೋಗಿ, ರಜೆಯ ದರವೇ 200 ಆದ್ದರಿಂದ ಓವರ್‌ಟೈಮಿಗೆ 400 ಕೇಳು ಎನ್ನುತ್ತಾರೆ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ರಜೆಯ ದುಪ್ಪಟ್ಟು 1963ರ ರಾಜ್ಯದ ರಜಾ ಕಾಯ್ದೆಯಿಂದ ಬರುವ ಬೇರೆಯೇ ಹಕ್ಕು, ಅದು ಸಾಮಾನ್ಯ ದರ ಹೇಗಾದೀತು? ಒಪ್ಪಂದದ ಪ್ರತಿಯನ್ನು ಪೂರ್ತಿ ಓದಿದೆ, ಯಾವುದು ಮೊದಲು ಎಂಬ ಮಾತೇ ಅದರಲ್ಲಿಲ್ಲ.

ವೇತನ ಲೆಕ್ಕ ಅಥವಾ ಕಾರ್ಮಿಕ ಕಾನೂನು ಬಲ್ಲವರು ದಯವಿಟ್ಟು ತಿಳಿಸಿ: ಪಾಳಿಗೊಮ್ಮೆ ಕೊಡುವ ರಾತ್ರಿ ಭತ್ಯೆ ಓವರ್‌ಟೈಮಿನ ಮೂಲ ದರಕ್ಕೆ ಸೇರುತ್ತದೆಯೇ? ಆ ನಾಲ್ಕು ಗಂಟೆಗೆ ಸರಿಯಾದ ಮೊತ್ತ 800, 880, 1600 ಇವುಗಳಲ್ಲಿ ಯಾವುದು?