ಹೆಸರು ಒಂದೇ, ಆದರೆ ಆಳು ಒಬ್ಬನೇನಾ?

ಪ್ರಶ್ನೆ: ನಮ್ಮ ಹತ್ತಿರ ಹಳೆಯ ಆರೋಗ್ಯ ಸಮೀಕ್ಷೆಯ 5,000 ಜನರ ಪಟ್ಟಿ ಇದೆ. ಅದೇ ಜಿಲ್ಲೆಯ ಮರಣ ನೋಂದಣಿಯ 8,000 ದಾಖಲೆಗಳೂ ಇವೆ. ಎರಡರಲ್ಲೂ ಇರೋರನ್ನು ಹುಡುಕಬೇಕು, ಸುಮಾರು 300 ಜನ ಸಿಗಬಹುದು ಅಂತ ಅಂದಾಜು. ಆಧಾರ್ ನಂಬರ್ ಇಲ್ಲ. ಹೆಸರು, ಲಿಂಗ, ಹುಟ್ಟಿದ ವರ್ಷ, ಊರು ಮಾತ್ರ. ಮಂಜುನಾಥ ಅನ್ನೋರು ಲೆಕ್ಕವಿಲ್ಲದಷ್ಟು. ಏನು ಮಾಡೋದು?

ಸದಸ್ಯ 1: ಹೆಸರಿನ ಹೋಲಿಕೆ ಶೇಕಡ 90 ದಾಟಿದರೆ ಒಬ್ಬರೇ ಅಂತ ತಗೊಳ್ಳಿ. ಮಂಜುನಾಥನಂಥ ಹೆಸರುಗಳನ್ನು ಪಟ್ಟಿಯಿಂದ ತೆಗೆದುಬಿಡಿ, ತಲೆನೋವು ಹೋಗುತ್ತೆ.

ಸದಸ್ಯೆ 2: ನನ್ನ ರೇಷನ್ ಕಾರ್ಡ್‌ನಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮಿದೇವಮ್ಮ. ಇದನ್ನೂ ಹೀಗೆ ಸೇರಿಸಬಹುದಾ?

ಉತ್ತರ (ದಾಖಲೆ ಜೋಡಣೆಯ ಕೆಲಸ ಮಾಡುವವರು): ಅಮ್ಮ, ನಿಮ್ಮದು ತಿದ್ದುಪಡಿ ಅರ್ಜಿಯ ವಿಷಯ, ಅದು ಬೇರೆ ದಾರಿ.

ಮಂಜುನಾಥರನ್ನು ತೆಗೆಯಬೇಡಿ. ಅವರೂ ಸತ್ತಿರ್ತಾರಲ್ವಾ, ತೆಗೆದರೆ ಸಾವಿನ ಲೆಕ್ಕವೇ ತಪ್ಪುತ್ತೆ. ಹೆಸರು ಕೂಡಿದಾಗ ಸಿಗುವ ಅಂಕವನ್ನು ಮಾತ್ರ ಕಡಿಮೆ ಮಾಡಿ. ಕೆನಡಾದಲ್ಲಿ ನ್ಯೂಕೊಂಬ್ ಮತ್ತು ಜೊತೆಗಾರರು 1959ರಲ್ಲೇ ಮದುವೆ, ಜನನ ದಾಖಲೆಗಳನ್ನು ಜೋಡಿಸುವಾಗ ಈ ದಾರಿ ತೋರಿಸಿದ್ದರು.

ಒಬ್ಬನೇ ವ್ಯಕ್ತಿಯ ಎರಡು ದಾಖಲೆಯಲ್ಲಿ ಹೆಸರು ಎಷ್ಟು ಸಲ ಕೂಡುತ್ತೆ? ಬರೆಯುವಾಗ ತಪ್ಪಾಗುವುದರಿಂದ 0.9 ಅಂತಿಟ್ಟುಕೊಳ್ಳಿ, ಇದು m. ಬೇರೆಯವನ ಹೆಸರೂ ಸುಮ್ನೆ ಅದೇ ಆಗಿರೋದು ಎಷ್ಟು ಸಲ? ಅದು u. ಅಂಕ ಅಂದ್ರೆ `log2(m/u)`. ಒಂದು ಅಂಕ ಏರಿದರೆ ನಂಬಿಕೆ ಎರಡು ಪಟ್ಟು.

ಪಟ್ಟಿಯಲ್ಲಿ 50ಕ್ಕೊಬ್ಬ ಮಂಜುನಾಥ ಅನ್ನೋಣ. u = 0.02, ಅಂಕ 5.5. ಹುಚ್ಚರಾಯಪ್ಪ ಹತ್ತು ಸಾವಿರಕ್ಕೊಬ್ಬ ಅನ್ನೋಣ. ಅಂಕ 13.1. ಲಿಂಗ, ವರ್ಷ, ಊರು ಮೂರೂ ಕೂಡಿದರೆ ಇನ್ನೊಂದು 11.7 ಅಂತಿಟ್ಟುಕೊಳ್ಳಿ.

ಆದರೆ ಶುರುವಾಗೋದು ಸೊನ್ನೆಯಿಂದಲ್ಲ. ನಿಮ್ಮ ಎರಡು ಪಟ್ಟಿಯಿಂದ ಆಗುವ ಜೋಡಿ 4 ಕೋಟಿ, ನಿಜವಾದವು 300. `log2(300/40000000)`, ಅಂದ್ರೆ ಸುಮಾರು −17ರಿಂದ ಶುರು. ಮಂಜುನಾಥನಿಗೆ ಕೊನೆಗೆ ಉಳಿಯೋದು 0.2, ಹೆಚ್ಚುಕಡಿಮೆ ಐವತ್ತು-ಐವತ್ತು. ಹುಚ್ಚರಾಯಪ್ಪನಿಗೆ 7.8, ಅಂದ್ರೆ ಒಬ್ಬನೇ ಅನ್ನೋದಕ್ಕೆ ಇನ್ನೂರು ಪಟ್ಟು ಜಾಸ್ತಿ ಬಲ. ವರ್ಷ, ಊರು ಎಲ್ಲಾ ಅಷ್ಟೇ ಕೂಡಿದರೂ ತೀರ್ಮಾನ ಬೇರೆ.

ದಾಖಲೆ ಜೋಡಿಸೋ ಪೈಥಾನ್ ಸಾಫ್ಟ್‌ವೇರ್ ಸ್ಪ್ಲಿಂಕ್ ಬಳಸ್ತೀರಾದರೆ, ಹೆಸರು ಎಷ್ಟು ಸಾಮಾನ್ಯ ಅನ್ನೋದಕ್ಕೆ ತಕ್ಕ ಹಾಗೆ ಅಂಕ ಹೊಂದಿಸೋದು ಹೀಗೆ:

```python
import splink.comparison_library as cl

cl.ExactMatch("name").configure(term_frequency_adjustments=True)
```

ಎಣಿಸೋ ಮೊದಲು ಕಾಗುಣಿತ ಒಂದೇ ಹದಕ್ಕೆ ತನ್ನಿ. "ಮಂಜನಾತ" ಅಂತ ತಪ್ಪಾಗಿ ಟೈಪ್ ಆದದ್ದು ಎಲ್ಲೋ ಎರಡು ಸಲ ಇರುತ್ತೆ, ಅದನ್ನು ಅಪರೂಪದ ಹೆಸರು ಅಂತ ಲೆಕ್ಕ ಹಾಕಿ ದೊಡ್ಡ ಅಂಕ ಕೊಟ್ಟುಬಿಡುತ್ತೆ. ತುಂಬಾ ಅಂಕ ಪಡೆದ ಜೋಡಿಗಳನ್ನು ಮೇಲಿಂದ ಒಂದಷ್ಟು ತೆರೆದು ನೋಡಿ. ಅಪರೂಪದ ಹೆಸರಿನ ಬದಲು ಮುರುಕು ಹೆಸರುಗಳೇ ಕಂಡರೆ ಕಾಗುಣಿತದ ಕೆಲಸ ಮುಗಿದಿಲ್ಲ.

ವಯಸ್ಸಿಗೂ ಇದೇ ಲೆಕ್ಕ. ನಮ್ಮಲ್ಲಿ 60, 65 ಅಂತ ಸುಮಾರಾಗಿ ಹೇಳೋರು ಜಾಸ್ತಿ. ವಯಸ್ಸಿನಿಂದ ಹುಟ್ಟಿದ ವರ್ಷ ತೆಗೆದಿದ್ದರೆ, 60 ಕೂಡೋದಕ್ಕಿಂತ 57 ಕೂಡೋದು ದೊಡ್ಡ ಸಾಕ್ಷಿ.

ಸದಸ್ಯ 3: ಸಾರ್, ನಾನು ಶಿಕಾರಿಪುರದವನು. ನಮ್ಮಲ್ಲಿ ಹುಚ್ಚರಾಯಸ್ವಾಮಿ ದೇವಸ್ಥಾನ ಇದೆ. ಆ ಹೆಸರು ನಮ್ಮ ಕಡೆ ಅಪರೂಪ ಅಲ್ಲವೇ ಅಲ್ಲ. ಅಜ್ಜನ ಹೆಸರು ಮೊಮ್ಮಗನಿಗೂ ಇಡ್ತಾರೆ.

ಉತ್ತರ: ಒಳ್ಳೆ ಮಾತು ಹೇಳಿದ್ರಿ, ನನ್ನ ಉದಾಹರಣೆಯ ದೋಷವೇ ಅದು. ಹೆಸರಿನ ಅಂಕ, ಊರಿನ ಅಂಕ ಒಂದಕ್ಕೊಂದು ಸಂಬಂಧ ಇಲ್ಲ ಅಂತ ನಂಬಿ ಕೂಡಿಸಿದ್ದೆ. ಹೆಸರು ಕೆಲವೇ ಊರುಗಳಲ್ಲಿ ಗುಂಪಾಗಿದ್ದರೆ ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸಿದ ಹಾಗೆ. ಆ ಊರಲ್ಲಿ ನೂರಕ್ಕೊಬ್ಬ ಇದ್ದರೆ ಅಂಕ 13.1 ಅಲ್ಲ, 6.5. ಕೊನೆಗೆ 1.2 ಅಷ್ಟೇ ಉಳಿಯುತ್ತೆ. ಅಜ್ಜ-ಮೊಮ್ಮಗನನ್ನು ಬೇರೆ ಮಾಡೋದು ಹುಟ್ಟಿದ ವರ್ಷ. ಅದು ಖಾಲಿ ಇದ್ದರೆ ಅಂಥ ಜೋಡಿಯನ್ನು ತಾನಾಗಿ ಒಪ್ಪಿಕೊಳ್ಳಲು ಬಿಡಬೇಡಿ.

ಪ್ರಶ್ನೆ ಕೇಳಿದವರು: ಹಾಗಾದರೆ ಊರೂರಿಗೇ ಹೆಸರು ಎಣಿಸಬೇಕಾ? ಕೆಲವು ಊರಲ್ಲಿ ನಮ್ಮ ಪಟ್ಟಿಯವರು ನಲವತ್ತೇ ಜನ.

ಉತ್ತರ: ನಲವತ್ತು ಜನರಲ್ಲಿ ಒಂದೇ ಸಲ ಬಂದ ಹೆಸರಿನಿಂದ ಏನೂ ಹೇಳಕ್ಕಾಗಲ್ಲ. ನಾನು ತಾಲ್ಲೂಕಿನ ಮಟ್ಟದಲ್ಲಿ ಎಣಿಸ್ತೀನಿ, u ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಒಂದು ಮಿತಿ ಹಾಕ್ತೀನಿ.

ಸದಸ್ಯ 1: ತಾಲ್ಲೂಕು ಸಾಲದು. ಮತದಾರರ ಪಟ್ಟಿಯಲ್ಲಿ ಆ ಊರಿನವರೆಲ್ಲ ಸಿಗ್ತಾರೆ, ಅಲ್ಲಿಂದ ಎಣಿಸಿ.

ಉತ್ತರ: ಅದರಲ್ಲಿ ಈಗಿನವರು ಇರ್ತಾರೆ, ನಿಮಗೆ ಬೇಕಿರೋದು ಹಳೇ ತಲೆಮಾರು. ಅವರ ಕಾಲದ ಹೆಸರುಗಳೇ ಬೇರೆ. ವಯಸ್ಸು 60 ದಾಟಿದವರನ್ನು ಮಾತ್ರ ಎಣಿಸಿದರೆ ಹೊಂದಬಹುದೇನೋ. ಎರಡೂ ರೀತಿ ಮಾಡಿ, ಎಷ್ಟು ಜೋಡಿಗಳ ತೀರ್ಮಾನ ಬದಲಾಗುತ್ತೆ ನೋಡಿ ಇಲ್ಲಿ ಹಾಕಿ.